ಎರಡು ವರ್ಷ ಬಳಸಿದ ಸಿಟಿಜಿ ಯಂತ್ರ: ಒಂದೇ ದೂರು, ಆದರೆ ದೊಡ್ಡದು

ಮಗುವಿನ ಎದೆಬಡಿತವನ್ನೂ ಹೆರಿಗೆ ನೋವನ್ನೂ ಕಾಗದದ ಮೇಲೆ ಗೆರೆಯಾಗಿ ಬರೆಯುವ ಈ ಯಂತ್ರದ ಜೊತೆ ವಿಜಯಪುರದ ಒಂದು ಹೆರಿಗೆ ವಾರ್ಡಿನಲ್ಲಿ ಎರಡು ವರ್ಷ ರಾತ್ರಿ ಪಾಳಿ ಮಾಡಿದ್ದೇನೆ. ಪರದೆಯ ಅಳತೆ, ಬ್ಯಾಟರಿಯ ತಾಕತ್ತು ಡಬ್ಬಿಯ ಮೇಲೇ ಇವೆ, ಅಲ್ಲಿ ಓದಿಕೊಳ್ಳಿ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ ಇದೆ ಎಂದು ಕಂಡುಕೊಂಡು, ಎದೆಬಡಿತದ ಪ್ರೋಬಿಗೆ ಜೆಲ್ ಹಚ್ಚಿ ಅಲ್ಲಿಡುತ್ತೇನೆ. ನೋವು ಅಳೆಯುವ ಇನ್ನೊಂದು ಪ್ರೋಬನ್ನು ಜೆಲ್ ಇಲ್ಲದೆ ಗರ್ಭಕೋಶದ ಮೇಲ್ತುದಿಗೆ ಕಟ್ಟುತ್ತೇನೆ. ಕಾಗದ ಹೊರಬರತೊಡಗಿದಾಗ ಅಂಚಿನಲ್ಲಿ ಹೆಸರು, ಹೊತ್ತು, ತಾಯಿಯ ನಾಡಿ ಬರೆಯುವುದು ನನ್ನ ಚಟ. ಕುದುರೆ ಓಟದಂಥ ಆ ಸದ್ದು ಕೇಳಿದರೆ ಚಹಾ ಕುಡಿದಷ್ಟು ಹಿತ.

ಕಾಗದ ನಿಮಿಷಕ್ಕೆ 1 ಸೆಂಟಿಮೀಟರ್ ಓಡುತ್ತದೆ, ಗೆರೆ ಸ್ಪಷ್ಟ. ಏರಿಕೆ, ಇಳಿಕೆ ಬಿಟ್ಟು ಉಳಿದ ಗೆರೆ ಸುಮಾರು ಹತ್ತು ನಿಮಿಷ ಯಾವ ಮಟ್ಟದಲ್ಲಿ ನಿಂತಿದೆ ಎಂದು ನೋಡಿದರೆ ಬೇಸ್‌ಲೈನ್ ಸಿಗುತ್ತದೆ. 110ರಿಂದ 160ರೊಳಗೆ ಇರಬೇಕು. ಅದೇ ಗೆರೆಯ ಒಂದು ನಿಮಿಷದ ತುಂಡಿನಲ್ಲಿ ಅತಿ ಮೇಲಿನ ಮತ್ತು ಅತಿ ಕೆಳಗಿನ ಬಿಂದುವಿನ ಅಂತರ ವೇರಿಯಬಿಲಿಟಿ. 5ರಿಂದ 25 ಬಡಿತ ಸರಿ. ಬೇಸ್‌ಲೈನಿನಿಂದ 15 ಬಡಿತ ಮೇಲೇರಿ 15 ಸೆಕೆಂಡ್ ನಿಂತರೆ ಆಕ್ಸಲರೇಷನ್, ಅಷ್ಟೇ ಕೆಳಗಿಳಿದರೆ ಡಿಸಲರೇಷನ್. ಹೊಸಬರು ಇದನ್ನು ಒಂದು ವಾರದಲ್ಲಿ ಕಲಿಯುತ್ತಾರೆ. ನನ್ನ ದೂರು ಶುರುವಾಗುವುದು ಇದೆಲ್ಲ ಕಲಿತ ಮೇಲೆ.

ಕಳೆದ ಬೇಸಿಗೆಯ ಒಂದು ರಾತ್ರಿ. ಚೊಚ್ಚಲ ಹೆರಿಗೆ, ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ, ಹೆಣ್ಣುಮಗಳು ಮುಕ್ಕುತ್ತಿದ್ದಾಳೆ. ಅಲ್ಲಿಯವರೆಗೆ ಬೇಸ್‌ಲೈನ್ 140, ಪ್ರತಿ ನೋವಿಗೂ ಗೆರೆ ಸ್ವಲ್ಪ ಕೆಳಗಿಳಿದು ಮೇಲೇಳುತ್ತಿತ್ತು. ನಡುವೆ ಬೆಲ್ಟ್ ಜಾರಿತು, ಗೆರೆ ಒಂದರ್ಧ ನಿಮಿಷ ಕಡಿಯಿತು, ಮತ್ತೆ ಶುರುವಾದಾಗ 120ರಲ್ಲಿತ್ತು. ಅಲ್ಲಿಂದ ಡಿಸಲರೇಷನ್ ಮಾಯ. ಪ್ರತಿ ನೋವಿಗೂ ಗೆರೆ 150ರವರೆಗೆ ಏರಿ, ನೋವು ಇಳಿದಂತೆ ತಾನೂ ಇಳಿಯುತ್ತಿತ್ತು.

“ಸಿಸ್ಟರ್, ನೋಡಿ, ಎಷ್ಟು ಚೆಂದದ ಆಕ್ಸಲರೇಷನ್ ಬರುತ್ತಿವೆ” ಎಂದರು ಹೊಸ ಡಾಕ್ಟರಮ್ಮ.

ನಾನು ಪರದೆ ಬಿಟ್ಟು ಹೆಣ್ಣುಮಗಳ ಮಣಿಕಟ್ಟು ಹಿಡಿದೆ. ನೋವಿಲ್ಲದಾಗ ನಾಡಿ 118. ಮುಂದಿನ ನೋವಿಗೆ ಅವಳು ಉಸಿರು ಬಿಗಿಹಿಡಿದು ಮುಕ್ಕಿದಾಗ ನನ್ನ ಬೆರಳಿನ ಕೆಳಗಿನ ಬಡಿತ ಮತ್ತು ಯಂತ್ರದ ಟಿಕ್ ಟಿಕ್ ಒಂದೇ ತಾಳಕ್ಕೆ ಓಡಿದವು. ಇಷ್ಟು ಹೊತ್ತು ಕಾಗದದ ಮೇಲೆ ಬಂದಿದ್ದು ತಾಯಿಯ ಎದೆಬಡಿತ!

ಪ್ರೋಬ್ ಹುಡುಕುವುದು ಚಲನೆಯನ್ನು. ಮಗುವಿನ ಎದೆ ಕೆಳಗೆ ಸರಿದಾಗ ಅದು ತಾಯಿಯ ದೊಡ್ಡ ರಕ್ತನಾಳದ ಮಿಡಿತವನ್ನು ಹಿಡಿದುಕೊಂಡು ನಿಶ್ಚಿಂತೆಯಿಂದ ಬರೆಯುತ್ತದೆ. ಗೆರೆ ಕಡಿಯುವುದೂ ಇಲ್ಲ, ಅಲಾರಂ ಕೂಗುವುದೂ ಇಲ್ಲ. ವೇರಿಯಬಿಲಿಟಿ ಕೂಡ ಚೆನ್ನಾಗಿಯೇ ಕಾಣುತ್ತದೆ. ನಮ್ಮೂರಿನ ಸೆಕೆಯಲ್ಲಿ ಮುಕ್ಕುವವಳ ನಾಡಿ ಮಗುವಿನ ವ್ಯಾಪ್ತಿಗೇ ಬಂದು ಕೂರುವುದರಿಂದ ಸಂಖ್ಯೆ ನೋಡಿ ಅನುಮಾನ ಹುಟ್ಟುವುದಿಲ್ಲ. ಆಕಾರ ನೋಡಬೇಕು. ಮುಕ್ಕುವ ಹೊತ್ತಿನಲ್ಲಿ ತಲೆ ಒತ್ತಿಕೊಂಡು ಮಗುವಿನ ಬಡಿತ ಸಾಮಾನ್ಯವಾಗಿ ಇಳಿಯುತ್ತದೆ, ತಾಯಿಯದು ಶ್ರಮಕ್ಕೆ ಏರುತ್ತದೆ. ಇಳಿಯುತ್ತಿದ್ದ ಗೆರೆ ಒಮ್ಮೆಲೇ ಮಟ್ಟ ಬದಲಿಸಿ, ಪ್ರತಿ ನೋವಿಗೂ ತಪ್ಪದೆ ಏರತೊಡಗಿದರೆ ಅದನ್ನು ಒಳ್ಳೆಯ ಸುದ್ದಿ ಎಂದು ಓದಬಾರದು.

ಪ್ರೋಬನ್ನು ಕೆಳಗೆ, ಜಘನ ಮೂಳೆಯ ಹತ್ತಿರ ತಂದು ಓರೆ ಮಾಡಿದೆ. ಮಗು ಸಿಕ್ಕಿತು: ನೋವಿಗೆ 80ಕ್ಕೆ ಇಳಿದು, ನೋವು ಹೋದ ಮೇಲೂ ನಿಧಾನವಾಗಿ ಏಳುತ್ತಿತ್ತು. ಹಿರಿಯ ಡಾಕ್ಟರ್ ಬಂದು ವ್ಯಾಕ್ಯೂಮ್ ಹಾಕಿದರು. ಮಗು ಸ್ವಲ್ಪ ಸುಸ್ತಾಗಿಯೇ ಬಂದು, ಮಾಸ್ಕಿನಿಂದ ನಾಲ್ಕು ಉಸಿರು ಕೊಟ್ಟ ಮೇಲೆ ಅತ್ತಿತು. ಡಾಕ್ಟರಮ್ಮ ಆ ಪಟ್ಟಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರು. ಒಳ್ಳೆಯದೇ ಆಯಿತು, ಈ ಥರ್ಮಲ್ ಕಾಗದದ ಗೆರೆ ಕಾಲಕ್ರಮೇಣ ಮಾಸುತ್ತದೆ.

ಇದೇ ಯಂತ್ರಕ್ಕೆ ತಾಯಿಯ ಬೆರಳಿಗೆ ಹಾಕುವ ಕ್ಲಿಪ್ ಇದೆ. ಹಾಕಿದರೆ ಅವಳ ನಾಡಿಯೂ ಅದೇ ಕಾಗದದ ಮೇಲೆ ಬೇರೆ ಗೆರೆಯಾಗಿ ಬರುತ್ತದೆ, ಎರಡೂ ಒಂದರ ಮೇಲೊಂದು ಬಿದ್ದರೆ ಕಣ್ಣಿಗೇ ಕಾಣುತ್ತದೆ. ಆದರೆ ಅದನ್ನು ಬೇರೆಯಾಗಿ ಮಾರುತ್ತಾರೆ, ನಮ್ಮವರು ದುಡ್ಡು ಉಳಿಸಲು ಕೊಳ್ಳಲಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕ್ಲಿಪ್ ಡಬ್ಬಿಯಲ್ಲೇ ಬಂದಿದ್ದರೆ ನಾಲ್ಕೂವರೆ. ಸದ್ಯಕ್ಕೆ ಪಕ್ಕದ ಸ್ಟ್ಯಾಂಡಿನ ಆಕ್ಸಿಮೀಟರನ್ನೇ ಬೆರಳಿಗೆ ಹಾಕಿ, ಮುಕ್ಕುವ ಹಂತದಲ್ಲಿ ಪ್ರತಿ ಹದಿನೈದು ನಿಮಿಷಕ್ಕೆ ಆ ಸಂಖ್ಯೆಯನ್ನು ಕಾಗದದ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದೇವೆ.