ಹಳದಿಗಟ್ಟಿದ ದಿಂಬು ತೊಳೆಯಲು ನಾಲ್ಕು ದಾರಿ: ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಒಂದೇ ಸೆಟ್ಟಿನ ನಾಲ್ಕು ಪಾಲಿಯೆಸ್ಟರ್ ದಿಂಬುಗಳು, ಎಲ್ಲವೂ ಒಂದೇ ಹದಕ್ಕೆ ಹಳದಿಯಾದವು, ಎಲ್ಲಕ್ಕೂ ಹತ್ತಿ ಬಟ್ಟೆಯ ಹೊದಿಕೆ. ಒಂದನ್ನು ಬರೀ ಡಿಟರ್ಜೆಂಟಿನಲ್ಲಿ, ಇನ್ನೊಂದನ್ನು ಅಡುಗೆ ಸೋಡಾ ಮತ್ತು ವಿನೆಗರಿನಲ್ಲಿ, ಮೂರನೆಯದನ್ನು ಕ್ಲೋರಿನ್ ಬ್ಲೀಚಿನಲ್ಲಿ, ಕೊನೆಯದನ್ನು ಸೋಡಿಯಂ ಪರ್ಕಾರ್ಬೊನೇಟ್ ಹಾಕಿದ ಬಿಸಿನೀರಿನಲ್ಲಿ ತೊಳೆದು ನೋಡಿದ್ದಾಯಿತು. ಗೆದ್ದದ್ದು ನಾಲ್ಕನೆಯದು. ಆದರೆ ಅದು ಯಾಕೆ ಗೆದ್ದಿತು, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ತಿಳಿಯದೆ ಪುಡಿ ಸುರಿದರೆ ಅದೂ ಸೋಲುತ್ತದೆ.

ನೆನೆಹಾಕುವ ಮೊದಲು ದಿಂಬು ಇಷ್ಟು ಕೆಲಸಕ್ಕೆ ಯೋಗ್ಯವೇ ಎಂದು ನೋಡಿಕೊಳ್ಳಿ. ಗವಸು ತೆಗೆದು ಅರ್ಧಕ್ಕೆ ಮಡಚಿ, ಒತ್ತಿ ಬಿಟ್ಟುಬಿಡಿ. ತಾನಾಗಿ ಬಿಚ್ಚಿಕೊಂಡರೆ ಒಳಗಿನ ನಾರಿಗೆ ಇನ್ನೂ ಜೀವ ಇದೆ. ಮಡಚಿದ ಹಾಗೇ ಸತ್ತಂತೆ ಬಿದ್ದಿದ್ದರೆ, ತೊಳೆದರೂ ಬೆಳ್ಳಗಿನ ಚಪ್ಪಟೆ ದಿಂಬಷ್ಟೇ ಸಿಗುವುದು. ಮೆಮೊರಿ ಫೋಮ್ ಮತ್ತು ಲೇಟೆಕ್ಸ್ ದಿಂಬುಗಳು ಈ ಲೆಕ್ಕದಲ್ಲಿಲ್ಲ. ನೀರು ಕುಡಿದ ಫೋಮ್ ತನ್ನ ಭಾರಕ್ಕೇ ಹರಿಯುತ್ತದೆ, ಒಳಗಡೆ ಒಣಗುವುದೂ ಇಲ್ಲ. ಅವುಗಳ ಹೊರ ಕವರನ್ನು ಮಾತ್ರ ಬಿಚ್ಚಿ ಒಗೆಯಿರಿ.

ಹಳದಿ ಬಣ್ಣ ಬೆವರಿನದು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಚರ್ಮ ಮತ್ತು ನೆತ್ತಿ ಒಸರುವ ಜಿಡ್ಡು ಬೆವರಿನ ಜೊತೆ ಗವಸನ್ನು ದಾಟಿ ದಿಂಬಿನ ಬಟ್ಟೆಗೆ ಇಳಿಯುತ್ತದೆ. ಅಲ್ಲಿ ತಿಂಗಳುಗಟ್ಟಲೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದು ಹಳದಿಗೆ ತಿರುಗುತ್ತದೆ. ಹಳೇ ಎಣ್ಣೆ ಕಮಟಾಗುವುದೂ ಹೀಗೆಯೇ, ಅದಕ್ಕೇ ಹಳೇ ದಿಂಬಿಗೆ ಆ ಕಮಟು ವಾಸನೆ. ಹಾಗಾಗಿ ಇಲ್ಲಿ ಕೆಲಸ ಎರಡು: ಜಿಡ್ಡನ್ನು ಕಿತ್ತು ನೀರಿಗೆ ಬಿಡಬೇಕು, ಉಳಿದ ಬಣ್ಣವನ್ನು ಒಡೆಯಬೇಕು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡುವ ವಿಧಾನಗಳು ಒಂದು ವಾರ ಚೆಂದ ಕಾಣುತ್ತವೆ, ಆಮೇಲೆ ಬಣ್ಣ ಬಯಲಾಗುತ್ತದೆ.

ಬರೀ ಡಿಟರ್ಜೆಂಟ್ ಹಾಕಿ ಮೆಷೀನಿನಲ್ಲಿ 40 ಡಿಗ್ರಿಗೆ ತೊಳೆದ ದಿಂಬಿನ ವಾಸನೆ ಬಹಳ ಮಟ್ಟಿಗೆ ಹೋಯಿತು, ತಿಳಿ ಹಳದಿಯೂ ಮಾಸಿತು. ತಲೆ ಊರುವ ಜಾಗದ ಕಡು ಕಲೆ ಮಾತ್ರ ಅಂಚು ಮಸುಕಾಗಿ ಅಲ್ಲೇ ಉಳಿಯಿತು. ವರ್ಷಕ್ಕೆ ಎರಡು ಮೂರು ಸಲ ತೊಳೆಯುವ ದಿಂಬಿಗೆ ಇಷ್ಟು ಸಾಕು. ಲೈಪೇಸ್ ಕಿಣ್ವ ಇರುವ ಡಿಟರ್ಜೆಂಟಾದರೆ ಇನ್ನೂ ಒಳ್ಳೆಯದು, ಅದು ಕೊಬ್ಬನ್ನೇ ತುಂಡರಿಸುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರಿನ ಜೋಡಿಗೆ ಇರುವ ಹೆಸರೆಲ್ಲ ಅದರ ನೊರೆಯಿಂದ ಬಂದದ್ದು. ಎರಡನ್ನೂ ಒಟ್ಟಿಗೆ ಸುರಿದರೆ ಆಮ್ಲ ಕ್ಷಾರ ಒಂದನ್ನೊಂದು ತಿಂದುಹಾಕುತ್ತವೆ. ಬುರುಬುರು ಎಂದದ್ದು ಇಂಗಾಲದ ಡೈಆಕ್ಸೈಡ್, ಬಕೆಟಿನಲ್ಲಿ ಉಳಿದದ್ದು ಸೋಡಿಯಂ ಅಸಿಟೇಟ್ ಎಂಬ ಉಪ್ಪಿನ ನೀರು. ಅದಕ್ಕೆ ಜಿಡ್ಡು ಕೀಳುವ ಶಕ್ತಿ ಇಲ್ಲ. ಆ ದಿಂಬಿಗೂ ಬರೀ ಡಿಟರ್ಜೆಂಟಿನದಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಚಿಕ್ಕ ಉಪಯೋಗ ಉಂಟು: ಸೋಡಾ ಹುಳಿ ವಾಸನೆಗೆ, ವಿನೆಗರ್ ಕೊನೆಯ ಜಾಲಾಟದಲ್ಲಿ ಸೋಪಿನ ಕ್ಷಾರ ತೆಗೆಯಲು. ಜಿಡ್ಡಿಗೆ ಕ್ಷಾರವೇ ಬೇಕಿದ್ದರೆ ಅಡುಗೆ ಸೋಡಾ ಬಿಡಿ, ವಾಷಿಂಗ್ ಸೋಡಾ ಹಿಡಿಯಿರಿ. ಅದು ಬಹಳ ಹೆಚ್ಚು ಪ್ರಬಲ.

ಕ್ಲೋರಿನ್ ಬ್ಲೀಚ್ ಮೋಸಗಾರ. ಅರ್ಧ ಗಂಟೆಯಲ್ಲಿ ಹೊದಿಕೆ ಬೆಳ್ಳಗಾಯಿತು, ನಾಲ್ಕರಲ್ಲಿ ಅತಿ ಬೇಗ ಫಲ ಕಂಡದ್ದು ಇದರಲ್ಲೇ. ಆದರೆ ಅದು ಬಣ್ಣ ಅಳಿಸಿತೇ ಹೊರತು ಜಿಡ್ಡನ್ನು ಎಬ್ಬಿಸಲಿಲ್ಲ. ಒಣಗಿದ ದಿಂಬನ್ನು ಎದೆಗವುಚಿ ಗಟ್ಟಿಯಾಗಿ ಹಿಂಡಿ, ಹೊರಗೆ ಬಂದ ಗಾಳಿಯನ್ನು ಮೂಸಿದರೆ ಕ್ಲೋರಿನ್ನಿನ ಹಿಂದೆ ಅದೇ ಕಮಟು. ಕೆಲವು ವಾರದಲ್ಲಿ ಹಳದಿಯೂ ತಿರುಗಿ ಬಂತು. ಮೇಲಾಗಿ ಪ್ರತಿ ಸಲವೂ ಅದು ಹತ್ತಿಯ ಎಳೆಯನ್ನು ಸವೆಸುತ್ತದೆ, ಮೊದಲು ಬಾಯಿಬಿಡುವುದು ಹೊಲಿಗೆಯ ಹತ್ತಿರ. ಪುಕ್ಕ, ಉಣ್ಣೆ, ರೇಷ್ಮೆಗೆ ಅದನ್ನು ಸೋಕಿಸಲೇಬಾರದು. ಇನ್ನು ಬ್ಲೀಚಿನ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷಗಾಳಿಯೇ. ಎರಡು ವಿಧಾನಗಳನ್ನು ಒಂದೇ ಬಕೆಟಿನಲ್ಲಿ ಬೆರೆಸುವ ಹುಮ್ಮಸ್ಸು ಬೇಡ.

ಈಗ ಪರ್ಕಾರ್ಬೊನೇಟ್. ಅಂಗಡಿಯಲ್ಲಿ ಆಕ್ಸಿಜನ್ ಬ್ಲೀಚ್ ಎಂದು ಸಿಗುವ ಬಿಳಿ ಪುಡಿ ಇದೇ. ಲೇಬಲ್ಲಿನ ಹಿಂಬದಿ ಓದಿ, ಯಾಕೆಂದರೆ ಕೆಲವು ಡಬ್ಬಿಗಳಲ್ಲಿ ಬಹುಪಾಲು ವಾಷಿಂಗ್ ಸೋಡಾ ಇರುತ್ತದೆ, ಅಂಥದ್ದಾದರೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ನೀರಿಗೆ ಬಿದ್ದೊಡನೆ ಈ ಪುಡಿ ಎರಡಾಗಿ ಒಡೆಯುತ್ತದೆ: ಬಣ್ಣ ಒಡೆಯುವ ಹೈಡ್ರೋಜನ್ ಪೆರಾಕ್ಸೈಡ್, ಜಿಡ್ಡು ಸಡಿಲಿಸುವ ವಾಷಿಂಗ್ ಸೋಡಾ. ಬೇಕಿದ್ದ ಎರಡೂ ಕೆಲಸ ಒಂದೇ ಪುಡಿಯಲ್ಲಿ. ಅದರ ಜೊತೆ ಸ್ವಲ್ಪ ಡಿಟರ್ಜೆಂಟ್ ಇದ್ದರೆ ಎದ್ದ ಜಿಡ್ಡು ಮತ್ತೆ ಬಟ್ಟೆಗೆ ಕೂರುವುದಿಲ್ಲ.

ಒಂದು ದಿಂಬಿಗೆ ನಾವು ಬಳಸಿದ ಲೆಕ್ಕ ಇದು. ದೊಡ್ಡ ಟಬ್ಬಿಗೆ ಮೊದಲು 10 ಲೀಟರ್ ತಣ್ಣೀರು, ಆಮೇಲೆ ಜೋಪಾನವಾಗಿ 10 ಲೀಟರ್ ಕುದಿನೀರು. ಸಮಸಮ ಬೆರೆಸಿದರೆ ಹೆಚ್ಚುಕಡಿಮೆ 60 ಡಿಗ್ರಿ ಆಗುತ್ತದೆ, ಥರ್ಮಾಮೀಟರ್ ಬೇಕಿಲ್ಲ. ಅದಕ್ಕೆ 100 ಗ್ರಾಂ ಪುಡಿ, ಎರಡು ದೊಡ್ಡ ಚಮಚ ಲಿಕ್ವಿಡ್ ಡಿಟರ್ಜೆಂಟ್. ಪುಡಿ ಪೂರ್ತಿ ಕರಗುವವರೆಗೆ ಕೋಲಿನಿಂದ ಕಲಕಿ. ಕರಗದ ಹರಳು ಬಣ್ಣದ ಬಟ್ಟೆಯ ಮೇಲೆ ಕೂತರೆ ಅಲ್ಲಿ ಚುಕ್ಕೆಚುಕ್ಕೆಯಾಗಿ ಬಣ್ಣ ಹೋಗುತ್ತದೆ. ನೀರು ಉಗುರುಬೆಚ್ಚಗಿದ್ದರೆ ಈ ಪುಡಿ ಅರೆನಿದ್ದೆಯಲ್ಲಿ ಕೆಲಸ ಮಾಡುತ್ತದೆ. ಆಕ್ಸಿಜನ್ ಬ್ಲೀಚ್ ಹಾಕಿದರೂ ಏನೂ ಆಗಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ತಣ್ಣೀರಿಗೆ ಹಾಕಿರುತ್ತಾರೆ.

ಹೆಚ್ಚಿನವರು ತಪ್ಪುವುದು ದಿಂಬನ್ನು ಮುಳುಗಿಸುವಲ್ಲಿ. ದಿಂಬಿನೊಳಗೆ ಗಾಳಿ ಇದೆ, ಅದು ದೋಣಿಯಂತೆ ತೇಲುತ್ತದೆ. ಹಾಗೇ ಬಿಟ್ಟರೆ ಕೆಳಮೈ ಬೆಳ್ಳಗಾಗಿ ಮೇಲ್ಮೈ ಹಳದಿಯಾಗೇ ಉಳಿದು, ನಡುವೆ ನೀರಿನ ಗೆರೆ ಬೀಳುತ್ತದೆ. ದಪ್ಪ ರಬ್ಬರ್ ಗ್ಲೌಸ್ ಹಾಕಿ ದಿಂಬನ್ನು ನೀರೊಳಗೆ ಒತ್ತಿ ಹಿಡಿದು, ಹಿಟ್ಟು ನಾದುವ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಸುಕುತ್ತಾ ಹೋಗಿ. ದೊಡ್ಡ ಗುಳ್ಳೆಗಳು ಏಳುವುದು ನಿಂತಾಗ ಒಳಗಿನ ನಾರಿಗೆ ನೀರು ತಲುಪಿದೆ ಎಂದರ್ಥ. ಮೇಲೆ ಒಂದು ತಟ್ಟೆ ಕವುಚಿ, ಅದರ ಮೇಲೆ ನೀರು ತುಂಬಿದ ಬಾಟಲಿ ಇಡಿ. ಮುಚ್ಚಳ ಹಾಕಿ ಬಿಗಿ ಮಾಡಬೇಡಿ. ಪುಡಿ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಅದಕ್ಕೆ ದಾರಿ ಬೇಕು. ಇದೇ ಕಾರಣಕ್ಕೆ ಉಳಿದ ದ್ರಾವಣವನ್ನು ಬಾಟಲಿಯಲ್ಲಿ ತುಂಬಿಡುವಂತೆಯೂ ಇಲ್ಲ.

ಅರ್ಧ ಗಂಟೆಗೆಲ್ಲ ನೀರು ತಿಳಿ ಚಹಾದ ಬಣ್ಣಕ್ಕೆ ಬಂತು. ನಾಲ್ಕರಿಂದ ಆರು ಗಂಟೆ ಸಾಕು. ಅಷ್ಟರಲ್ಲಿ ನೀರು ಆರಿ ಪುಡಿಯ ಕಸುವು ಮುಗಿದಿರುತ್ತದೆ, ಎರಡು ದಿನ ನೆನೆಸಿದರೆ ಎರಡರಷ್ಟು ಬಿಳುಪಾಗುವುದಿಲ್ಲ, ನೀರು ನಾರುತ್ತದೆ ಅಷ್ಟೆ. ಕಲೆ ಇನ್ನೂ ಇದ್ದರೆ ಹೊಸ ಬಿಸಿನೀರಿನಲ್ಲಿ ಇನ್ನೊಂದು ಸುತ್ತು. ನಮ್ಮ ದಿಂಬಿನಲ್ಲಿ ಎರಡನೇ ಸುತ್ತಿನ ನಂತರವೂ ನಡುವೆ ಬೆರಳಗಲದ ಮಸುಕು ಉಳಿಯಿತು. ವರ್ಷಗಟ್ಟಲೆ ಕೂತ ಕಲೆಗೆ ಅಷ್ಟು ರಿಯಾಯಿತಿ ಕೊಡಲೇಬೇಕು.

ನೆನೆದ ಮೇಲೆ ಮೆಷೀನಿಗೆ. ಒಂದೇ ದಿಂಬು ಹಾಕಿದರೆ ಡ್ರಮ್ ಒಂದು ಕಡೆಗೆ ವಾಲಿ ಸ್ಪಿನ್ನಿನಲ್ಲಿ ಕುಣಿಯುತ್ತದೆ, ಎರಡು ದಿಂಬು ಎದುರುಬದುರು ಹಾಕಿ. ಡಿಟರ್ಜೆಂಟ್ ಮಾಮೂಲಿನ ಅರ್ಧ, ಜಾಲಾಟ ಎರಡು ಹೆಚ್ಚು. ಹೊರತೆಗೆದ ದಿಂಬಿನ ಮೂಲೆಯನ್ನು ಹಿಂಡಿ ನೋಡಿ: ಬಿಳಿ ನೊರೆ ಬಂದರೆ ಇನ್ನೊಂದು ಜಾಲಾಟ ಬೇಕು. ಒಳಗೆ ಉಳಿದ ಸೋಪು ನಾರನ್ನು ಬಿರುಸು ಮಾಡುತ್ತದೆ, ಹೊಸ ಕೊಳೆಯನ್ನೂ ಬೇಗ ಹಿಡಿಯುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡವೇ ಬೇಡ. ಅದು ನಾರಿನ ಮೇಲೆ ಮೇಣದಂಥ ಪದರ ಬಿಡುತ್ತದೆ, ಜಿಡ್ಡು ತೆಗೆಯಲು ಪಟ್ಟ ಪಾಡೆಲ್ಲ ವ್ಯರ್ಥ.

ಕ್ವಿಲ್ಟ್ ಮತ್ತು ಕಂಫರ್ಟರಿಗೂ ಪುಡಿ ಅದೇ, ಆದರೆ ಇಡೀ ಹೊದಿಕೆಯನ್ನು ನೆನೆಹಾಕುವ ಅಗತ್ಯ ಕಡಿಮೆ. ಹಳದಿ ಇರುವುದು ಗದ್ದ, ಕೈ ತಾಗುವ ಮೇಲಂಚಿನ ಒಂದಡಿಯಲ್ಲಿ. ಆ ಅಂಚನ್ನು ಮಾತ್ರ ಟಬ್ಬಿಗೆ ಇಳಿಬಿಟ್ಟು ನೆನೆಸಿ, ಆಮೇಲೆ ಪೂರ್ತಿ ಒಗೆಯಿರಿ. ಇಲ್ಲಿ ನಿಜವಾದ ತೊಡಕು ಡ್ರಮ್ಮಿನ ಗಾತ್ರ. ಒಣ ಕಂಫರ್ಟರ್ ಹಾಕಿದಾಗ ಮೂರನೇ ಒಂದು ಭಾಗವಾದರೂ ಖಾಲಿ ಉಳಿಯಬೇಕು. ಒತ್ತಿ ತುರುಕಿದರೆ ನಡುವಿನ ಮಡಿಕೆಗೆ ನೀರೇ ತಲುಪುವುದಿಲ್ಲ. ತೆಗೆದಾಗ ಒಳಮಡಿಕೆಯಲ್ಲಿ ಒಣಗಿದ ತೇಪೆ ಸಿಕ್ಕಿದರೆ ಆಗಿದ್ದು ಅದೇ, ದೊಡ್ಡ ಮೆಷೀನಿರುವ ಲಾಂಡ್ರಿಯೇ ಗತಿ. ಪುಕ್ಕ ತುಂಬಿದ ಹೊದಿಕೆ, ದಿಂಬುಗಳಿಗೆ ಈ ಪುಡಿ ಹಾಕಬೇಡಿ. ಪುಕ್ಕ ಕೂದಲಿನಂತೆ ಪ್ರೋಟೀನು, ಕ್ಷಾರಕ್ಕೆ ಪೆಡಸಾಗಿ ಮುರಿಯುತ್ತದೆ. ಕಿಣ್ವವಿಲ್ಲದ ಸೌಮ್ಯ ಲಿಕ್ವಿಡ್, 30 ಡಿಗ್ರಿ ನೀರು, ಅಷ್ಟೇ. ಸಡಿಲ ಹತ್ತಿ ತುಂಬಿದ್ದನ್ನು ನೀರಿಗೆ ಹಾಕಿದರೆ ಉಂಡೆ ಕಟ್ಟುತ್ತದೆ, ಆ ಉಂಡೆ ತೊಳೆದು ಬಿಡಿಸಿಕೊಳ್ಳುವಂಥದ್ದಲ್ಲ.

ಒಣಗಿಸುವಲ್ಲಿ ನಾಲ್ಕೂ ವಿಧಾನ ಒಂದೇ. ಎಷ್ಟು ಚೆನ್ನಾಗಿ ತೊಳೆದಿದ್ದರೂ ಕೆಡುವುದು ಇಲ್ಲೇ. ಹೊರಬಟ್ಟೆ ಒಣಗಿ ಬೆಚ್ಚಗಿದ್ದರೂ ನಡುವಿನ ನಾರು ಹಸಿಯಾಗಿರುತ್ತದೆ, ಮರುದಿನ ಮುಗ್ಗು ವಾಸನೆ ಶುರು. ಮುಟ್ಟಿ ನೋಡಿ ತೀರ್ಮಾನಿಸಲು ಆಗದು, ತೂಕ ಮಾಡಿ. ತೊಳೆಯುವ ಮೊದಲೇ ಒಣ ದಿಂಬನ್ನು ತಕ್ಕಡಿಯಲ್ಲಿಟ್ಟು ಬರೆದಿಟ್ಟುಕೊಳ್ಳಿ. 800 ಗ್ರಾಂ ಇದ್ದದ್ದು ಒಣಗಿತು ಅನ್ನಿಸಿದ ಮೇಲೆ 870 ತೋರಿಸಿದರೆ, ಆ 70 ಗ್ರಾಂ ಒಳಗೆ ಕೂತ ನೀರು. ಡ್ರೈಯರ್ ಇದ್ದರೆ ಕಡಿಮೆ ಶಾಖಕ್ಕೆ ಇಟ್ಟು, ಎರಡು ಶುಭ್ರವಾದ ಟೆನಿಸ್ ಚೆಂಡು ಜೊತೆಗೆ ಹಾಕಿ. ಅವು ಬಡಿದು ಗಂಟು ಬಿಡಿಸುತ್ತವೆ. ಬಿಸಿಲಾದರೆ ಹಗ್ಗಕ್ಕೆ ನೇತುಹಾಕಬೇಡಿ, ಒದ್ದೆ ನಾರೆಲ್ಲ ಕೆಳಮೂಲೆಗೆ ಜಾರುತ್ತದೆ. ಗಾಳಿಯಾಡುವ ಜಾಲರಿಯ ಮೇಲೆ ಮಲಗಿಸಿ, ಗಂಟೆಗೊಮ್ಮೆ ಮಗುಚಿ, ಮಗುಚಿದಾಗಲೆಲ್ಲ ಗಂಟುಗಳನ್ನು ಬೆರಳಿನಿಂದ ಬಿಡಿಸಿ. ತೂಕ ಮೊದಲಿನ ಅಂಕಿಗೆ ಇಳಿಯುವವರೆಗೆ ಗವಸು ಹಾಕಬೇಡಿ. ಕೆಲವೊಮ್ಮೆ ಹತ್ತಿಪ್ಪತ್ತು ಗ್ರಾಂ ಕೆಳಗೂ ಇಳಿಯುತ್ತದೆ. ಅದು ಹೊರಟುಹೋದ ಜಿಡ್ಡು ಮತ್ತು ಧೂಳಿನ ತೂಕ.