ಊಟಕ್ಕೆ ಮುಂಚೆ ಕೈ ತೊಳೆಯಲು ಯಾವುದು: ಸೋಪು, ಸ್ಯಾನಿಟೈಸರ್, ಬೂದಿ?

ಕೊಟ್ಟಿಗೆ ಕೆಲಸ ಮುಗಿಸಿ ಬಂದಿದ್ದೀರಿ. ಕೈಯಲ್ಲಿ ಸಗಣಿ, ಉಗುರಲ್ಲಿ ಮಣ್ಣು. ಬರೀ ನೀರಲ್ಲಿ ತೊಳೆದರೆ ಮಣ್ಣು ಹೋಗುತ್ತದೆ, ಜಿಡ್ಡು ಉಳಿಯುತ್ತದೆ. ಅದರ ಜೊತೆ ರೋಗಾಣುಗಳೂ ಉಳಿಯುತ್ತವೆ.

ಸೋಪು ಆ ಜಿಡ್ಡನ್ನು ಬಿಡಿಸುತ್ತದೆ, ಆಮೇಲೆ ನೀರು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ದುಬಾರಿ ಸೋಪು ಬೇಕಿಲ್ಲ. ಬಟ್ಟೆ ಸೋಪೂ ನಡೆಯುತ್ತದೆ, ಚರ್ಮ ಸ್ವಲ್ಪ ಒಣಗಬಹುದು ಅಷ್ಟೆ. ಆದರೆ ಉಜ್ಜಬೇಕು, ಕನಿಷ್ಠ 20 ಸೆಕೆಂಡು. ಅಂಗೈ ಎಲ್ಲರೂ ಉಜ್ಜುತ್ತಾರೆ. ತಪ್ಪಿಹೋಗುವುದು ಹೆಬ್ಬೆರಳು, ಬೆರಳ ಸಂದಿ ಮತ್ತು ಉಗುರು. ಉಗುರಿನ ತುದಿಯನ್ನು ಇನ್ನೊಂದು ಅಂಗೈಯ ನೊರೆಯಲ್ಲಿ ಕೆರೆದಂತೆ ಉಜ್ಜಿ.

ಸ್ಯಾನಿಟೈಸರ್ ಬಸ್ಸಿನಲ್ಲಿ, ಸಂತೆಯಲ್ಲಿ, ನೀರು ಸಿಗದ ಕಡೆ ಒಳ್ಳೆಯದು. ಅದೂ ಕೈಯಲ್ಲಿ ಕೊಳೆ ಕಾಣದಿದ್ದರೆ ಮಾತ್ರ. ಸಗಣಿ ಮೆತ್ತಿದ ಕೈಗೆ ಹಾಕಿದರೆ ಸುಮ್ನೆ ದಂಡ. ಜಂತುಹುಳದ ಮೊಟ್ಟೆಯೂ, ಬೆಳೆಗೆ ಹೊಡೆದ ಔಷಧಿಯ ವಿಷವೂ ಅದರಿಂದ ಹೋಗುವುದಿಲ್ಲ. ಹಚ್ಚಿದ ಕೂಡಲೇ ಒಲೆ ಹತ್ತಿರ ಹೋಗಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಸೋಪು ಮುಗಿದಿದ್ದರೆ ಸೌದೆ ಒಲೆಯ ಆರಿದ ಬೂದಿ ಬಳಸಬಹುದು. ಸೋಪಿನಷ್ಟು ನಂಬಲಾಗದು, ಕೈ ಉರಿಯಲೂಬಹುದು. ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡ. ಅಂಗಳದ ಮಣ್ಣಂತೂ ಬೇಡವೇ ಬೇಡ, ಅದರಲ್ಲೇ ಜಂತುಹುಳದ ಮೊಟ್ಟೆ ಇರಬಹುದು.

ಇನ್ನೊಂದು ಮಾತು. ಮನೆಮಂದಿಯೆಲ್ಲ ಒಂದೇ ಬೋಗುಣಿಗೆ ಕೈ ಅದ್ದಿದರೆ ಒಬ್ಬರ ಕೊಳೆ ಇನ್ನೊಬ್ಬರಿಗೆ, ಅಲ್ವಾ? ಚೊಂಬಿನಿಂದ ನೀರು ಹೊಯ್ದುಕೊಂಡು ತೊಳೆಯಿರಿ. ಆಮೇಲೆ ಸೆರಗಿಗೆ, ಪಂಚೆಗೆ ಒರೆಸಬೇಡಿ. ಕೈ ಕೊಡವಿ, ಗಾಳಿಗೆ ಆರಲು ಬಿಡಿ.