ತೆರಿಗೆ ಸೇರಿದ ಬೆಲೆಯ ಬಿಲ್: ಆ್ಯಪ್, ಸಾಫ್ಟ್‌ವೇರ್, ಶೀಟ್ ಮೂರನ್ನೂ ನೋಡಿ ಶೀಟ್‌ಗೇ ಬಂದೆ

ನಮ್ಮ ಅಂಗಡಿಯಲ್ಲಿ ಬೆಲೆ ಹೇಳುವುದು ತೆರಿಗೆ ಸೇರಿಸಿಯೇ. ಫ್ಯಾನ್ 2,360 ಅಂದರೆ ಅಷ್ಟೇ, ಮೇಲೆ ಏನೂ ಇಲ್ಲ. ಬಿಲ್‌ನಲ್ಲಿ ಮಾತ್ರ ಅದನ್ನು ಒಡೆದು ತೋರಿಸಬೇಕು. ಮೊದಲು ಮೊಬೈಲ್ ಬಿಲ್ಲಿಂಗ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಆ ದುಡ್ಡು ದಂಡ ಆಯಿತು.

ಒಬ್ಬರು ಜಿಎಸ್‌ಟಿ ನಂಬರ್ ಕೊಟ್ಟು ಆರು ಫ್ಯಾನ್ ಒಯ್ದರು, 14,160 ರೂಪಾಯಿ. ಎರಡು ದಿನ ಬಿಟ್ಟು ಅವರ ಅಕೌಂಟೆಂಟ್ ಫೋನ್ ಮಾಡಿದರು: "ಸಾರ್, ನಿಮ್ಮ ಬಿಲ್ ತಾಳೆ ಆಗ್ತಿಲ್ಲ." ಬಿಲ್‌ನಲ್ಲಿ ಮೂಲಬೆಲೆ 11,611.20, ತೆರಿಗೆ 2,548.80 ಅಂತಿತ್ತು. ಕೂಡಿದರೆ 14,160 ಸರಿಯಾಗೇ ಬರುತ್ತದೆ, ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ 11,611.20ಕ್ಕೆ 18% ಹಾಕಿದರೆ 2,090.02 ಮಾತ್ರ.

ಆ್ಯಪ್ ಮಾಡಿದ್ದಿಷ್ಟು: ಪೂರ್ತಿ ಬೆಲೆಯ ಮೇಲೆ 18% ಲೆಕ್ಕ ಹಾಕಿ ಕಳೆದಿತ್ತು. 18% ಬರುವುದು ಮೂಲಬೆಲೆಯ ಮೇಲೆ. ಮೂಲಬೆಲೆ 100 ಆದರೆ ಪೂರ್ತಿ ಬೆಲೆ 118. ಹಾಗಾಗಿ 118ರಿಂದ ಭಾಗಿಸಿ 100ರಿಂದ ಗುಣಿಸಬೇಕು. ಸರಿ ಲೆಕ್ಕ 12,000 ಮತ್ತು 2,160. ಅಂದರೆ 388.80 ರೂಪಾಯಿ ತೆರಿಗೆ ಜಾಸ್ತಿ ತೋರಿಸಿದ್ದೆ, ಸುಮ್ನೆ ನನ್ನ ಲಾಭದಿಂದ ಹೋಗುವ ದುಡ್ಡು. ಆ ತಿಂಗಳ ಜಿಎಸ್‌ಟಿಆರ್-1 ಇನ್ನೂ ಹಾಕಿರಲಿಲ್ಲ, ಬಚಾವಾದೆ. ಹಾಕಿಬಿಟ್ಟಿದ್ದರೆ ಆಮೇಲೆ ತಿದ್ದುಪಡಿ ಕೊಡಬೇಕಿತ್ತು.

ಆಮೇಲೆ ಗೆಳೆಯನ ಅಂಗಡಿಯ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಒಂದು ವಾರ ಬಿಲ್ ಹಾಕಿ ನೋಡಿದೆ. ಒಡೆಯುವ ಲೆಕ್ಕ ಸರಿ ಇದೆ. ಆದರೆ ಬೆಲೆಯಲ್ಲಿ ತೆರಿಗೆ ಸೇರಿದೆ ಅಂತ ಪ್ರತಿ ಸಾಮಾನಿಗೂ ಬೇರೆ ಬೇರೆ ಗುರುತು ಹಾಕಬೇಕು. ಒಂದಕ್ಕೆ ಮರೆತರೆ 2,360ರ ಮೇಲೆ ಮತ್ತೆ 18% ಕೂಡಿಸುತ್ತದೆ. ಸಾವಿರಾರು ಸಾಮಾನು ಇರುವವರಿಗೆ ಇದೇ ಸರಿ. ನನಗೆ ಬೆಲೆ ಜಾಸ್ತಿಯಾಯಿತು.

ಈಗ ನನ್ನದು ಶೀಟ್. A2ನಲ್ಲಿ ಪೂರ್ತಿ ಬೆಲೆ, B2ನಲ್ಲಿ 18:

```
C2: =ROUND(A2*100/(100+B2),2)
D2: =ROUND(C2*B2/200,2)
E2: =ROUND(A2-C2-2*D2,2)
```

C2 ಮೂಲಬೆಲೆ. D2 ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯೂ ಅಷ್ಟೇ. E2 ರೌಂಡ್ ಆಫ್, ಇದನ್ನು ಬಿಡಬೇಡಿ. 999 ರೂಪಾಯಿಯ ಸಾಮಾನಿಗೆ ಮೂಲಬೆಲೆ 846.61, ಎರಡು ತೆರಿಗೆ 76.19ರಂತೆ. ಕೂಡಿದರೆ 998.99! ಉಳಿದ ಒಂದು ಪೈಸೆಯನ್ನು ಒಂದೇ ತೆರಿಗೆಗೆ ಸೇರಿಸಿದರೆ ಎರಡೂ ಸಮ ಇರುವುದಿಲ್ಲ, ಅಲ್ವಾ? ಅದಕ್ಕೇ ಅದು ರೌಂಡ್ ಆಫ್ ಸಾಲಿಗೆ.

ತಿಂಗಳಿಗೆ ನಲವತ್ತು ಬಿಲ್ ಹಾಕುವ ನನಗೆ ಇದು ಧಾರಾಳ ಸಾಕು. ಯಾವ ಆ್ಯಪ್ ತಂದರೂ ಮೊದಲು 1,180ರ ಒಂದು ಬಿಲ್ ಹಾಕಿ ನೋಡಿ. 1,000 ಮತ್ತು 180 ಬರಬೇಕು. 967.60 ಬಂದರೆ ಚಂದಾ ಕಟ್ಟಬೇಡಿ.